ಕಿಟಕಿ ಮೇಲಿನ ಇಟ್ಟಿಗೆ ಕಮಾನು: ಎಷ್ಟು ಇಟ್ಟಿಗೆ, ಎಷ್ಟು ದಪ್ಪ ಸಂದು? ಪದೇ ಪದೇ ಕೇಳುವ ಪ್ರಶ್ನೆಗಳು

ಹೊಸನಗರದ ಕಡೆ ನಮ್ಮ ಚಿಕ್ಕಪ್ಪನ ಮನೆ ಕಟ್ಟುವಾಗ ಮುಂದಿನ ಗೋಡೆಯ ಕಿಟಕಿಗಳಿಗೆ ಲಿಂಟೆಲ್ ಬೇಡ, ಇಟ್ಟಿಗೆ ಕಮಾನೇ ಇರಲಿ ಅಂತ ತೀರ್ಮಾನವಾಯಿತು. ಆಗಿನಿಂದ ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆ ಮನೆ ಕಟ್ಟಿಸುವವರು ನನ್ನನ್ನು ಇದೇ ಪ್ರಶ್ನೆಗಳನ್ನು ಕೇಳುತ್ತಲೇ ಇದ್ದಾರೆ. ಎಲ್ಲ ಉತ್ತರಕ್ಕೂ ಆ ಮನೆಯ ಕಿಟಕಿಯನ್ನೇ ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ. ಕಿಟಕಿಯ ಬಾಯಿ 4 ಅಡಿ ಅಗಲ, ಗೋಡೆ 9 ಇಂಚು, ಇಟ್ಟಿಗೆ 9 × 4 × 3 ಇಂಚು, ಕಮಾನು ನಡುವೆ 6 ಇಂಚು ಏರುತ್ತದೆ.

ನೇರವಾಗಿ ಹೇಳಿ, ಒಂದು ಕಿಟಕಿಗೆ ಎಷ್ಟು ಇಟ್ಟಿಗೆ ಬೇಕು?

ಈ ಅಳತೆಯ ಕಿಟಕಿಗೆ ಕಮಾನಿನಲ್ಲೇ ಕೂರುವ ಇಟ್ಟಿಗೆ 31. ಕಮಾನು ಒಂದರ ಮೇಲೊಂದು ಕಟ್ಟಿದ ಎರಡು ಸುತ್ತು ಇಟ್ಟಿಗೆಯದು. ಕೆಳಗಿನ ಸುತ್ತಿನಲ್ಲಿ 15, ಮೇಲಿನ ಸುತ್ತಿನಲ್ಲಿ 16. ಇದರ ಜೊತೆಗೆ ಒಡೆದದ್ದು, ಸೊಟ್ಟಗಿರುವುದು ಅಂತ 5 ಇಟ್ಟಿಗೆ ಇಟ್ಟುಕೊಳ್ಳಿ. ಕಮಾನಿನ ಬೆನ್ನಿಗೆ ಬಂದು ಸೇರುವ ಗೋಡೆಯ ವರಸೆಗಳಲ್ಲಿ ಇಟ್ಟಿಗೆಯನ್ನು ಓರೆಯಾಗಿ ಕಡಿಯಬೇಕಾಗುತ್ತದೆ. ಅದಕ್ಕೆ ಇನ್ನೊಂದು 10 ಹೋಗುತ್ತದೆ. ಹಾಗಾಗಿ ಒಂದು ಕಿಟಕಿಯ ಪಕ್ಕದಲ್ಲಿ 45ರಿಂದ 50 ಒಳ್ಳೆಯ ಇಟ್ಟಿಗೆ ಆರಿಸಿ ಪೇರಿಸಿಟ್ಟರೆ ಕೆಲಸ ನಡುವೆ ನಿಲ್ಲುವುದಿಲ್ಲ.

ಆದರೆ 31 ಅನ್ನುವ ಲೆಕ್ಕ ನಿಮ್ಮ ಕಿಟಕಿಗೆ ಹಾಗೇ ಹೊಂದುವುದಿಲ್ಲ. ನಿಮ್ಮ ಇಟ್ಟಿಗೆಯ ದಪ್ಪ ಕಾಲು ಇಂಚು ಬದಲಾದರೂ ಎಣಿಕೆ ಬದಲಾಗುತ್ತದೆ. ಲೆಕ್ಕ ಹೇಗೆ ಬಂತು ಅನ್ನುವುದು ಗೊತ್ತಿದ್ದರೆ ಯಾವ ಕಿಟಕಿಗೂ ನೀವೇ ಮಾಡಿಕೊಳ್ಳಬಹುದು.

ಬೆಣೆಯಾಕಾರದ ಸಂದು ಅಂದರೇನು? ಇಟ್ಟಿಗೆಯನ್ನೇ ಬೆಣೆಯಾಗಿ ಕಡಿಯಬಾರದಾ?

ಕಮಾನಿನ ಕೆಳಗಿನ ಬಾಗು ಚಿಕ್ಕದು, ಮೇಲಿನ ಬಾಗು ದೊಡ್ಡದು. ನಮ್ಮ ಇಟ್ಟಿಗೆ ಮಾತ್ರ ಎರಡೂ ಕಡೆ ಒಂದೇ ದಪ್ಪ. ಹಾಗಾದರೆ ಮೇಲೆ ಜಾಸ್ತಿಯಾಗುವ ಉದ್ದವನ್ನು ಯಾವುದೋ ಒಂದು ತುಂಬಬೇಕಲ್ವಾ? ಅದನ್ನು ಗಾರೆ ತುಂಬುತ್ತದೆ. ಎರಡು ಇಟ್ಟಿಗೆಗಳ ನಡುವಿನ ಸಂದು ಕೆಳಗೆ ಸಣ್ಣ, ಮೇಲೆ ಅಗಲ. ಇಟ್ಟಿಗೆ ನೇರ, ಗಾರೆ ಬೆಣೆ.

ಇಟ್ಟಿಗೆಯನ್ನೇ ಬೆಣೆಯಾಗಿ ತಿಕ್ಕಿ, ಎಲ್ಲ ಸಂದೂ ಒಂದೇ ದಪ್ಪ ಬರುವಂತೆ ಕಟ್ಟುವ ಪದ್ಧತಿಯೂ ಇದೆ. ನೋಡಲು ಬಹಳ ಚೆಂದ. ಆದರೆ ಒಂದೊಂದು ಇಟ್ಟಿಗೆಗೂ ಅಚ್ಚು ಹಿಡಿದು ತಿಕ್ಕಬೇಕು. ಗೂಡಿನ ಕೈ ಅಚ್ಚಿನ ಇಟ್ಟಿಗೆಯಲ್ಲಿ ಹೊರಮೈ ಗಟ್ಟಿಯಾಗಿ ಬೆಂದಿರುತ್ತದೆ, ಒಳಗೆ ಅಷ್ಟಿರುವುದಿಲ್ಲ. ತಿಕ್ಕಿದಾಗ ಆ ಗಟ್ಟಿ ಮೈ ಹೋಗಿ ಒಳಗಿನ ಮೆತ್ತನೆಯ ಮಣ್ಣು ಹೊರಗೆ ಬರುತ್ತದೆ. ನಮ್ಮ ಮಳೆಗೆ ಅದು ಒಳ್ಳೆಯದಲ್ಲ. ಬಾಗು ತೀರಾ ಬಿಗಿಯಾಗಿ ಇಲ್ಲದಿದ್ದರೆ ನಾನು ಗಾರೆ ಬೆಣೆಯನ್ನೇ ಆರಿಸುತ್ತೇನೆ.

ಲೆಕ್ಕ ಎಲ್ಲಿಂದ ಶುರು ಮಾಡಬೇಕು, ಕೆಳಗಿನ ಬಾಗಿನಿಂದಲೋ ಮೇಲಿನ ಬಾಗಿನಿಂದಲೋ?

ಕೆಳಗಿನಿಂದ. ಇದೊಂದು ಮಾತು ಗಟ್ಟಿಯಾಗಿ ನೆನಪಿಡಿ. ಕೆಳಗೆ ಸಂದು ಸಣ್ಣದಾಗುವುದರಿಂದ ಅಲ್ಲಿ ಎಷ್ಟು ಇಟ್ಟಿಗೆ ಹಿಡಿಯುತ್ತದೋ ಅಷ್ಟೇ ಕಮಾನಿನಲ್ಲಿ ಹಿಡಿಯುವುದು. ಮೇಲಿನ ಬಾಗು ಎಣಿಸಲು ಅಲ್ಲ, ಪರೀಕ್ಷೆ ಮಾಡಲು. ಎಣಿಕೆ ಕೆಳಗೆ, ಪರೀಕ್ಷೆ ಮೇಲೆ.

ಕೆಲಸ ಕಲಿಯುತ್ತಿದ್ದಾಗ ನಾನೇ ಒಮ್ಮೆ ಮೇಲಿನ ಬಾಗಿಗೆ ಎಣಿಸಿ ಒಂದು ಇಟ್ಟಿಗೆ ಜಾಸ್ತಿ ಲೆಕ್ಕ ಹಾಕಿದ್ದೆ. ಎರಡೂ ಕಡೆಯಿಂದ ಕಟ್ಟುತ್ತಾ ನಡುವಿಗೆ ಬಂದಾಗ ಕೊನೆಯ ಇಟ್ಟಿಗೆಗೆ ಜಾಗವೇ ಇರಲಿಲ್ಲ. ಅದನ್ನು ತೆಳ್ಳಗೆ ಕಡಿದು ತುರುಕಿದೆವು. ನಡುವೆ ಕೂರುವ ಇಟ್ಟಿಗೆಯೇ ಸಣ್ಣ ಚೂರಾದರೆ ಇಡೀ ಕಮಾನು ತೇಪೆ ಹಾಕಿದ ಹಾಗೆ ಕಾಣುತ್ತದೆ. ಮಾರನೇ ದಿನ ಬಿಚ್ಚಿ ಮತ್ತೆ ಕಟ್ಟಿದೆವು.

ಕೆಳಗಿನ ಬಾಗಿನ ಉದ್ದ ತಿಳಿಯುವುದು ಹೇಗೆ?

ಎರಡು ದಾರಿ ಇದೆ. ಕಮಾನಿನ ಅಚ್ಚು, ಅಂದರೆ ಸೆಂಟ್ರಿಂಗ್, ಆಗಲೇ ತಯಾರಾಗಿದ್ದರೆ ಅದರ ಬೆನ್ನ ಮೇಲೆ ಟೇಪನ್ನು ಬಾಗಿಸಿ ಹಿಡಿದು ಅಳೆಯಿರಿ. ಇದಕ್ಕಿಂತ ನಂಬಿಕೆಯ ಅಳತೆ ಇನ್ನೊಂದಿಲ್ಲ.

ಅಚ್ಚು ಇನ್ನೂ ಆಗಿಲ್ಲವಾದರೆ ಲೆಕ್ಕದಿಂದ ತೆಗೆಯಬಹುದು. ಏರನ್ನು ಏರಿನಿಂದಲೇ ಗುಣಿಸಿ, 8ರಿಂದ ಗುಣಿಸಿ, ಕಿಟಕಿಯ ಅಗಲದ ಮೂರು ಪಟ್ಟಿನಿಂದ ಭಾಗಿಸಿ. ಬಂದದ್ದನ್ನು ಅಗಲಕ್ಕೆ ಕೂಡಿಸಿ. ನಮ್ಮ ಕಿಟಕಿಗೆ ಹೀಗೆ:

```
6 × 6 × 8 ÷ (3 × 48) = 2
48 + 2 = 50 ಇಂಚು
```

ಏರು ಅಗಲದ ಕಾಲು ಭಾಗದೊಳಗೆ ಇರುವ ಕಮಾನಿಗೆ ಈ ಲೆಕ್ಕ ಸಾಕಷ್ಟು ಸರಿ ಬರುತ್ತದೆ. ಅರ್ಧ ವೃತ್ತದ ಕಮಾನಿಗೆ ಇದನ್ನು ಬಳಸಬೇಡಿ, ತಪ್ಪು ಬರುತ್ತದೆ. ಅಲ್ಲಿ ಅಗಲವನ್ನು 22ರಿಂದ ಗುಣಿಸಿ 14ರಿಂದ ಭಾಗಿಸಿದರೆ ಬಾಗಿನ ಉದ್ದ ಸಿಗುತ್ತದೆ.

ಅಲ್ಲಿಂದ ಇಟ್ಟಿಗೆಯ ಸಂಖ್ಯೆ ಹೇಗೆ ಬರುತ್ತದೆ?

ಮೊದಲು ನಿಮ್ಮ ಇಟ್ಟಿಗೆಯನ್ನು ಅಳೆಯಿರಿ. ಒಂದನ್ನಲ್ಲ, ಹತ್ತನ್ನು. ಹತ್ತು ಇಟ್ಟಿಗೆಯನ್ನು ಗಾರೆಯಿಲ್ಲದೆ ಒತ್ತೊತ್ತಾಗಿ ನಿಲ್ಲಿಸಿ ಒಟ್ಟು ಅಳೆದು ಹತ್ತರಿಂದ ಭಾಗಿಸಿ. ಅಂಗಡಿಯವರು 3 ಇಂಚು ಅಂದಿದ್ದು ಎಷ್ಟೋ ಸಲ ಎರಡೂ ಮುಕ್ಕಾಲು ಇರುತ್ತದೆ. ಒಂದೇ ಗೂಡಿನ ಇಟ್ಟಿಗೆಯಲ್ಲೂ ಹೆಚ್ಚು ಬೆಂದದ್ದು ಕುಗ್ಗಿ ಸಣ್ಣದಾಗಿರುತ್ತದೆ.

ನಮ್ಮಲ್ಲಿ ಹತ್ತು ಇಟ್ಟಿಗೆ 30 ಇಂಚು ಬಂತು. ಇಟ್ಟಿಗೆ ನಿಲ್ಲುವ ರೀತಿಯನ್ನೂ ಹೇಳಿಬಿಡುತ್ತೇನೆ. 9 ಇಂಚಿನ ಉದ್ದ ಗೋಡೆಯ ದಪ್ಪದೊಳಗೆ ಹೋಗುತ್ತದೆ. 4 ಇಂಚು ಮೇಲಕ್ಕೆ ನಿಲ್ಲುತ್ತದೆ. 3 ಇಂಚಿನ ದಪ್ಪ ಬಾಗಿನ ಉದ್ದಕ್ಕೆ ಬರುತ್ತದೆ. ಹೊರಗಿನಿಂದ ನೋಡಿದರೆ ಇಟ್ಟಿಗೆಯ ತುದಿ ಮಾತ್ರ ಕಾಣುತ್ತದೆ.

ಈಗ 15 ಇಟ್ಟಿಗೆ ಇಟ್ಟು ನೋಡೋಣ. 15 × 3 = 45 ಇಂಚು. 50ರಲ್ಲಿ 5 ಇಂಚು ಉಳಿಯಿತು. ಸಂದುಗಳು 15 ಅಲ್ಲ, 16. ಯಾಕೆಂದರೆ ಎರಡೂ ತುದಿಯಲ್ಲಿ ಗೋಡೆಗೆ ತಾಗುವಲ್ಲೂ ಒಂದೊಂದು ಸಂದು ಇದೆ. ಇದನ್ನು ಬಹಳ ಜನ ಮರೆಯುತ್ತಾರೆ. 5 ಇಂಚನ್ನು 16ಕ್ಕೆ ಹಂಚಿದರೆ ಒಂದು ಸಂದಿಗೆ 8 ಮಿಲಿಮೀಟರ್. ಇದು ಒಳ್ಳೆಯ ಸಂದು.

16 ಇಟ್ಟಿಗೆ ಇಟ್ಟರೆ? 48 ಇಂಚು ಇಟ್ಟಿಗೆಗೇ ಹೋಯಿತು. ಉಳಿದ 2 ಇಂಚನ್ನು 17 ಸಂದಿಗೆ ಹಂಚಿದರೆ ಬರೀ 3 ಮಿಲಿಮೀಟರ್. ನಮ್ಮ ಇಟ್ಟಿಗೆಯ ಉಬ್ಬುತಗ್ಗೇ ಅಷ್ಟಿರುತ್ತದೆ. ಗಾರೆ ಒಳಗೆ ಕೂರುವುದಿಲ್ಲ, ಇಟ್ಟಿಗೆ ಇಟ್ಟಿಗೆಗೇ ತಾಗುತ್ತದೆ. ಹಾಗಾಗಿ 15.

ಕೆಳಗಿನ ಸಂದು 5 ಮಿಲಿಮೀಟರಿಗಿಂತ ಕಡಿಮೆ ಆಗದಿರಲಿ, 10ಕ್ಕಿಂತ ಜಾಸ್ತಿಯೂ ಬೇಡ. ಇದು ನಾನು ಇಟ್ಟುಕೊಂಡ ಮಿತಿ.

ಮೇಲಿನ ಪರೀಕ್ಷೆ ಹೇಗೆ ಮಾಡುವುದು?

ಮೇಲಿನ ಬಾಗಿನ ಉದ್ದ ತಿಳಿಯಬೇಕಾದರೆ ಬಾಗಿನ ತ್ರಿಜ್ಯ ಬೇಕು. ಅಂದರೆ ಎಲ್ಲಿ ಮೊಳೆ ಹೊಡೆದು ಎಷ್ಟು ಉದ್ದದ ದಾರ ಎಳೆದರೆ ಈ ಬಾಗು ಬರುತ್ತದೆ ಅನ್ನುವುದು. ಅರ್ಧ ಅಗಲ 24, ಏರು 6:

```
(24 × 24 + 6 × 6) ÷ (2 × 6) = 612 ÷ 12 = 51 ಇಂಚು
```

ಕೆಳಗಿನ ಬಾಗಿಗೆ ದಾರ 51 ಇಂಚು. ಇಟ್ಟಿಗೆ 4 ಇಂಚು ಮೇಲಕ್ಕೆ ನಿಲ್ಲುವುದರಿಂದ ಮೇಲಿನ ಬಾಗಿಗೆ 55. ಉದ್ದವೂ ಅದೇ ಲೆಕ್ಕದಲ್ಲಿ ಬೆಳೆಯುತ್ತದೆ. 50ನ್ನು 55ರಿಂದ ಗುಣಿಸಿ 51ರಿಂದ ಭಾಗಿಸಿದರೆ ಸುಮಾರು 54 ಇಂಚು. ಇಟ್ಟಿಗೆಯ 45 ಕಳೆದರೆ 9 ಇಂಚು ಗಾರೆ. 16 ಸಂದಿಗೆ ಹಂಚಿದರೆ ಒಂದಕ್ಕೆ 14 ಮಿಲಿಮೀಟರ್.

ಕೆಳಗೆ 8, ಮೇಲೆ 14. ಇದೇ ನಮ್ಮ ಬೆಣೆ. ಮೇಲಿನ ಸಂದು 15-16 ಮಿಲಿಮೀಟರಿನ ಒಳಗಿದ್ದರೆ ನನಗೆ ನೆಮ್ಮದಿ. 20 ದಾಟಿದರೆ ಕಟ್ಟುವುದಿಲ್ಲ, ಅಳತೆ ಬದಲಾಯಿಸುತ್ತೇನೆ. ದಪ್ಪ ಗಾರೆ ಒಣಗುವಾಗ ಜಾಸ್ತಿ ಕುಗ್ಗುತ್ತದೆ. ಅದು ಕುಗ್ಗಿದಷ್ಟೂ ಇಟ್ಟಿಗೆಯ ಹಿಡಿತ ಸಡಿಲವಾಗುತ್ತದೆ.

ಇಟ್ಟಿಗೆಯನ್ನು 9 ಇಂಚು ಎತ್ತರಕ್ಕೆ ನಿಲ್ಲಿಸಿ ಒಂದೇ ಸುತ್ತು ಕಟ್ಟಿದರೆ ಬೇಗ ಮುಗಿಯುತ್ತದಲ್ವಾ?

ಮೇಸ್ತ್ರಿಗಳು ಮೊದಲು ಹೇಳುವುದೇ ಇದನ್ನು. ಚಿಕ್ಕಪ್ಪನ ಮನೆಯಲ್ಲೂ ಮೇಸ್ತ್ರಿ ಹಾಗೇ ಅಂದರು. "ಉದ್ದಕ್ಕೆ ನಿಲ್ಲಿಸೋಣ, ಒಂದೇ ಸುತ್ತಿಗೆ ಆಗ್ತದೆ." ನಾನು ಅವರ ಮುಂದೆಯೇ ನೆಲದ ಮೇಲೆ ಲೆಕ್ಕ ಬರೆದೆ. ಮೇಲಿನ ತ್ರಿಜ್ಯ 51 + 9 = 60. ಮೇಲಿನ ಬಾಗು ಸುಮಾರು 58.8 ಇಂಚು. ಇಟ್ಟಿಗೆ 45 ಕಳೆದರೆ 13.8 ಇಂಚು. 16ಕ್ಕೆ ಹಂಚಿದರೆ ಒಂದು ಸಂದು 22 ಮಿಲಿಮೀಟರ್. ಒಂದು ಬೆರಳಿಗಿಂತಲೂ ಅಗಲದ ಗಾರೆ! "ಇಷ್ಟು ಗಾರೆ ಇಟ್ಟಿಗೆ ಮಧ್ಯೆ ನಿಲ್ಲಲ್ಲ ಬಿಡಿ" ಅಂತ ಅವರೇ ಒಪ್ಪಿದರು.

ಇಟ್ಟಿಗೆ ಉಳಿತಾಯವೂ ಆಗುವುದಿಲ್ಲ. ಹಾಗೆ ನಿಲ್ಲಿಸಿದರೆ ಗೋಡೆಯ ದಪ್ಪಕ್ಕೆ 4 ಇಂಚು ಮಾತ್ರ ಹೋಗುತ್ತದೆ. ಒಳಗೊಂದು ಸಾಲು, ಹೊರಗೊಂದು ಸಾಲು ಬೇಕು. 15 × 2 = 30. ನಮ್ಮ ಎರಡು ಸುತ್ತಿನ ಕಮಾನಿಗೆ 31. ಒಂದೇ ಇಟ್ಟಿಗೆಯ ವ್ಯತ್ಯಾಸಕ್ಕೆ 22 ಮಿಲಿಮೀಟರ್ ಸಂದು ಯಾಕೆ ಬೇಕು?

ಎರಡನೇ ಸುತ್ತಿನ ಲೆಕ್ಕವೂ ಹಾಗೇ. ಮೊದಲ ಸುತ್ತಿನ ಬೆನ್ನ ಮೇಲೆ 10 ಮಿಲಿಮೀಟರ್ ಗಾರೆ ಹರಡಿ, ಅದರ ಮೇಲೆ ಹೊಸದಾಗಿ ಎಣಿಸಿ. ಅಲ್ಲಿ ಬಾಗು 54 ಇಂಚಿನ ಮೇಲೆ ಚೂರು ಬರುತ್ತದೆ. 16 ಇಟ್ಟಿಗೆ ಹಿಡಿಯುತ್ತದೆ, ಸಂದು ಕೆಳಗೆ 9, ಮೇಲೆ 15 ಮಿಲಿಮೀಟರ್. ಕೆಳಗಿನ ಸುತ್ತಿನಲ್ಲಿ 15, ಮೇಲೆ 16 ಆದ್ದರಿಂದ ನಡುವಿನ ಇಟ್ಟಿಗೆಯ ಮೇಲೆ ಸರಿಯಾಗಿ ಒಂದು ಸಂದು ಬರುತ್ತದೆ. ಗೋಡೆಯಲ್ಲಿ ಸಂದಿನ ಮೇಲೆ ಸಂದು ಬರಬಾರದು ಅನ್ನುತ್ತೇವಲ್ಲ, ಕಮಾನಿನ ನೆತ್ತಿಯಲ್ಲೂ ಅದು ತಪ್ಪಿತು.

ಎರಡು ಸುತ್ತನ್ನು ಒಂದಾಗಿ ಹಿಡಿಯುವುದು ನಡುವಿನ ಆ 10 ಮಿಲಿಮೀಟರ್ ಗಾರೆ ಮಾತ್ರ. ಅದು ಪೊಳ್ಳಾಗಿದ್ದರೆ ಎರಡೂ ಬೇರೆ ಬೇರೆಯಾಗಿ ಕೆಲಸ ಮಾಡುತ್ತವೆ. ಆ ಪದರವನ್ನು ಪೂರ್ತಿ ತುಂಬಿಸಿ.

ನಮ್ಮ ಇಟ್ಟಿಗೆ ಎರಡೂ ಮುಕ್ಕಾಲು ಇಂಚು. ಎಣಿಕೆ ಸಮಸಂಖ್ಯೆ ಬರುತ್ತದೆ. ಏನು ಮಾಡುವುದು?

ಕೆಳಗಿನ ಸುತ್ತು ಕಣ್ಣಿಗೆ ಕಾಣುವುದರಿಂದ ಅಲ್ಲಿ ಬೆಸಸಂಖ್ಯೆ ಇದ್ದರೆ ನಡುವೆ ಒಂದು ಇಟ್ಟಿಗೆ ಬರುತ್ತದೆ, ಸಂದು ಬರುವುದಿಲ್ಲ. ಅದು ಚೆಂದ. ಕೊನೆಯ ಇಟ್ಟಿಗೆಯನ್ನು ಎರಡೂ ಕಡೆಯಿಂದ ಒಂದೇ ಸಮ ಬಿಗಿಯಲು ಅನುಕೂಲವೂ ಹೌದು. ಸಮಸಂಖ್ಯೆ ಬಂದರೆ ಕಮಾನು ಬಿದ್ದುಹೋಗುವುದಿಲ್ಲ, ಹೆದರಬೇಡಿ.

ಎರಡೂ ಮುಕ್ಕಾಲು ಇಂಚಿನ ಇಟ್ಟಿಗೆಗೆ ನಮ್ಮ ಕಿಟಕಿಯಲ್ಲಿ 16 ಸರಿ ಹೋಗುತ್ತದೆ, ಸಂದು 9 ಮಿಲಿಮೀಟರ್. 17 ಬೇಕೇ ಬೇಕು ಅಂದರೆ ಸಂದು 5ಕ್ಕಿಂತ ಕೆಳಗೆ ಇಳಿಯುತ್ತದೆ. ಆಗ ಇಟ್ಟಿಗೆಯನ್ನು ಮುಟ್ಟಬೇಡಿ, ಏರನ್ನು ಬದಲಾಯಿಸಿ. ಏರು 6ರ ಬದಲು 7 ಇಂಚು ಮಾಡಿದರೆ ಕೆಳಗಿನ ಬಾಗು 50.7 ಇಂಚು ಆಗುತ್ತದೆ. 17 ಇಟ್ಟಿಗೆಗೆ 46.75 ಹೋಗಿ ಉಳಿದದ್ದನ್ನು 18 ಸಂದಿಗೆ ಹಂಚಿದರೆ ಐದೂವರೆ ಮಿಲಿಮೀಟರ್. ಮೇಲೆ ಸುಮಾರು 12. ಒಂದು ಇಂಚಿನ ಏರು ಕಣ್ಣಿಗೆ ಗೊತ್ತೇ ಆಗುವುದಿಲ್ಲ, ಎಣಿಕೆ ಮಾತ್ರ ಸರಿಹೋಗುತ್ತದೆ. ಹಾಗಾಗಿಯೇ ಇಟ್ಟಿಗೆ ಅಂಗಳಕ್ಕೆ ಬಂದ ಮೇಲೆ ಅಚ್ಚು ಮಾಡಿಸಿ, ಮೊದಲೇ ಬೇಡ.

ಅರ್ಧ ವೃತ್ತದ ಕಮಾನಿಗೂ ಇದೇ ಲೆಕ್ಕ ನಡೆಯುತ್ತದಾ?

4 ಅಡಿ ಅಗಲಕ್ಕೆ ಅರ್ಧ ವೃತ್ತ ತೆಗೆದರೆ ತ್ರಿಜ್ಯ 24 ಇಂಚು. ಕೆಳಗಿನ ಬಾಗು 75.4 ಇಂಚು, 23 ಇಟ್ಟಿಗೆ, ಸಂದು 7 ಮಿಲಿಮೀಟರ್. ಮೇಲೆ ನೋಡಿದರೆ 20 ಮಿಲಿಮೀಟರ್. ಅಂಚಿನಲ್ಲಿದೆ. ತೆಳು ಇಟ್ಟಿಗೆ ಸಿಕ್ಕರೆ ಅದನ್ನು ಹಾಕಿ, ಸಂದು ಜಾಸ್ತಿ ಸಂಖ್ಯೆಯಲ್ಲಿ ಹಂಚಿಹೋಗಿ ಒಂದೊಂದೂ ಸಣ್ಣದಾಗುತ್ತದೆ.

2 ಅಡಿಯ ಗವಾಕ್ಷಿಗೆ ಅರ್ಧ ವೃತ್ತವಾದರೆ ಮೇಲಿನ ಸಂದು 36 ಮಿಲಿಮೀಟರ್ ತನಕ ಹೋಗುತ್ತದೆ. ಅಲ್ಲಿ ಗಾರೆ ಬೆಣೆ ನಡೆಯುವುದಿಲ್ಲ. ಇಟ್ಟಿಗೆಯನ್ನೇ ಕಡಿಯಬೇಕು.

ಸೆಂಟ್ರಿಂಗ್ ಹೇಗೆ ಮಾಡಿಸಲಿ?

ನೆಲದ ಮೇಲೆ ಪ್ಲೈವುಡ್ ಹಾಸಿ, ಮೊಳೆ ಹೊಡೆದು ದಾರದಿಂದ ಬಾಗು ಎಳೆಯಿರಿ. ಹೀಗೆ ಎರಡು ಹಲಗೆ ಕತ್ತರಿಸಿ ಗೋಡೆಯ ಎರಡು ಮುಖಕ್ಕೆ ಒಂದೊಂದರಂತೆ ನಿಲ್ಲಿಸಿ, ಮೇಲೆ ರೀಪರ್ ಹೊಡೆಯಬೇಕು. ಮಲೆನಾಡಿನಲ್ಲಿ ಅಡಿಕೆ ದಬ್ಬೆ ಎಲ್ಲರ ಮನೆಯಲ್ಲೂ ಇರುತ್ತದೆ, ಅದೂ ಆಗುತ್ತದೆ. ಆದರೆ ಅದರ ದಪ್ಪವನ್ನು ದಾರದಲ್ಲಿ ಕಳೆಯಲು ಮರೆಯಬೇಡಿ. ದಬ್ಬೆ ಮುಕ್ಕಾಲು ಇಂಚು ಇದ್ದರೆ ಹಲಗೆಗೆ ದಾರ ಐವತ್ತೂಕಾಲು ಇಂಚು. ಮರೆತರೆ ಬಾಗು ದೊಡ್ಡದಾಗಿ ನಿಮ್ಮ ಎಣಿಕೆಯೇ ತಪ್ಪುತ್ತದೆ.

ಆಸರೆ ಕಂಬಗಳ ಕೆಳಗೆ ಎದುರುಬದುರಾಗಿ ಎರಡೆರಡು ಮರದ ಬೆಣೆ ಇಡಿ. ಬಿಚ್ಚುವಾಗ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಅಚ್ಚು ಕೂದಲೆಳೆಯಷ್ಟೇ ಇಳಿಯುತ್ತದೆ. ಬೆಣೆ ಇಲ್ಲದಿದ್ದರೆ ಕಂಬವನ್ನು ಹೊಡೆದು ಬೀಳಿಸಬೇಕಾಗುತ್ತದೆ, ಆ ಹೊಡೆತ ಹಸಿ ಕಮಾನಿಗೆ ತಾಗುತ್ತದೆ.

ಅಚ್ಚು ಕೂರಿಸಿದ ಮೇಲೆ ಅದರ ಬೆನ್ನ ಮೇಲೆ ಪೆನ್ಸಿಲಿನಿಂದ ಪ್ರತಿ ಇಟ್ಟಿಗೆಯ ಜಾಗ ಗುರುತು ಮಾಡಿ. ನಡುವಿನ ಇಟ್ಟಿಗೆಯಿಂದ ಶುರು ಮಾಡಿ ಎರಡೂ ಕಡೆ ಇಳಿಯಿರಿ. 3 ಇಂಚು ಇಟ್ಟಿಗೆ, 8 ಮಿಲಿಮೀಟರ್ ಸಂದು, ಮತ್ತೆ ಇಟ್ಟಿಗೆ. ಈ ಗುರುತು ಇದ್ದರೆ ಕಟ್ಟುವವರು ಅಂದಾಜು ಮಾಡಬೇಕಾಗಿಲ್ಲ.

ಕಮಾನು ಊರುವ ಓರೆ ಮುಖವನ್ನು ಎಷ್ಟು ಓರೆ ಇಡಬೇಕು?

ಕಮಾನಿನ ಎರಡೂ ಕಾಲು ಗೋಡೆಯ ಮೇಲೆ ಸಪಾಟಾಗಿ ಕೂರುವುದಿಲ್ಲ, ಓರೆಯಾಗಿ ಒರಗಿ ಕೂರುತ್ತವೆ. ಆ ಓರೆಗೆ ಮೊಳೆ ಮತ್ತು ದಾರವೇ ಸಾಕ್ಷಿ. ತ್ರಿಜ್ಯ 51ರಲ್ಲಿ ಏರು 6 ಕಳೆದರೆ 45. ಕಮಾನು ಹುಟ್ಟುವ ಮಟ್ಟದಿಂದ 45 ಇಂಚು ಕೆಳಗೆ, ಕಿಟಕಿಯ ನಟ್ಟ ನಡುವೆ, ಬಾಯಿಗೆ ಅಡ್ಡಲಾಗಿ ಹಲಗೆ ಕಟ್ಟಿ ಮೊಳೆ ಹೊಡೆಯಿರಿ. ಅಲ್ಲಿಂದ ಎಳೆದ ದಾರದ ಸಾಲಿನಲ್ಲೇ ಓರೆ ಮುಖ ಇರಬೇಕು. ನಮ್ಮ ಎರಡು ಸುತ್ತಿನ ಕಮಾನಿಗೆ ಈ ಓರೆ ಸುಮಾರು ಏಳೂವರೆ ಇಂಚು ಏರುವಷ್ಟರಲ್ಲಿ 4 ಇಂಚು ಹೊರಕ್ಕೆ ಹೋಗುತ್ತದೆ.

ಆ ದಾರವನ್ನು ಕೆಲಸ ಮುಗಿಯುವ ತನಕ ಬಿಚ್ಚಬೇಡಿ. ಪ್ರತಿ ಇಟ್ಟಿಗೆ ಇಟ್ಟಾಗಲೂ ದಾರ ಎಳೆದು ನೋಡಿ. ಇಟ್ಟಿಗೆಯ ನಡುಗೆರೆ ದಾರದ ಸಾಲಿಗೆ ಬಂದರೆ ಬೆಣೆ ತಾನಾಗಿ ಸರಿ ಬರುತ್ತದೆ.

ಜಂಬಿಟ್ಟಿಗೆ ಗೋಡೆಯಾದರೆ ಈ ಕೆಲಸ ಸುಲಭ. ಹೊಸದಾಗಿ ತೆಗೆದ ಜಂಬಿಟ್ಟಿಗೆ ಮೆತ್ತಗಿರುತ್ತದೆ, ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ. ಓರೆಯನ್ನು ಕಲ್ಲಿನಲ್ಲೇ ಕೆತ್ತಿಬಿಡಬಹುದು. ಇಟ್ಟಿಗೆ ಗೋಡೆಯಲ್ಲಿ ಓರೆಯನ್ನು ಚೂರು ಇಟ್ಟಿಗೆ ಮತ್ತು ಗಾರೆಯಲ್ಲಿ ತೀಡುವುದು ನೋಡಿದ್ದೇನೆ. ಹಾಗೆ ಮಾಡಿಸಬೇಡಿ. ಇಡೀ ಕಮಾನಿನ ಒತ್ತಡ ಬರುವುದು ಅಲ್ಲಿಗೇ. ಇಟ್ಟಿಗೆಯನ್ನು ಓರೆಯಾಗಿ ಕಡಿದು ಕೂರಿಸಿ.

ಗಾರೆ ಎಷ್ಟು, ಯಾವ ಹದ?

ಎರಡು ಸುತ್ತಿನ ಸಂದು, ನಡುವಿನ ಪದರ, ಇಟ್ಟಿಗೆಯ ತಗ್ಗು ತುಂಬುವುದು, ಬಿದ್ದುಹೋಗುವುದು ಎಲ್ಲ ಸೇರಿ ಒಂದು ಕಿಟಕಿಗೆ 16 ಲೀಟರ್ ಕಲಸಿದ ಗಾರೆ ಸಾಕು. 1:4 ಲೆಕ್ಕದಲ್ಲಿ ಸುಮಾರು 6 ಕೆಜಿ ಸಿಮೆಂಟ್, 17 ಲೀಟರ್ ಮರಳು. ಮರಳನ್ನು ಜರಡಿ ಹಿಡಿಯಲೇಬೇಕು. 8 ಮಿಲಿಮೀಟರ್ ಸಂದಿಗೆ ಒಂದು ಕಲ್ಲು ಸಿಕ್ಕಿದರೆ ಇಟ್ಟಿಗೆ ಕೂರುವುದೇ ಇಲ್ಲ.

ಸುಣ್ಣ ಸಿಗುವುದಾದರೆ 1 ಪಾಲು ಸಿಮೆಂಟ್, 1 ಪಾಲು ಸುಣ್ಣ, 6 ಪಾಲು ಮರಳು ನನಗೆ ಹೆಚ್ಚು ಇಷ್ಟ. ಅಂಟು ಜಾಸ್ತಿ, ನೀರು ಬೇಗ ಬಿಡುವುದಿಲ್ಲ. ಬೆಣೆ ಸಂದಿನಲ್ಲಿ ಗಾರೆ ಜಾರದೆ ನಿಲ್ಲುತ್ತದೆ.

ಹದ ಗಟ್ಟಿಯಾಗಿರಲಿ. ಕರಣೆಯಲ್ಲಿ ತೆಗೆದು ಇಟ್ಟಿಗೆಗೆ ಬಳಿದು ಇಟ್ಟಿಗೆಯನ್ನು ನೆಟ್ಟಗೆ ಹಿಡಿದರೆ ಗಾರೆ ಬೀಳಬಾರದು. ಗಾರೆಯನ್ನು ಇಟ್ಟಿಗೆಗೆ ಬಳಿಯುವಾಗಲೇ ಮೇಲೆ ದಪ್ಪ, ಕೆಳಗೆ ತೆಳು ಮಾಡಿ ಒತ್ತಿ ಕೂರಿಸಿ. ಇಟ್ಟಿಗೆ ಇಟ್ಟ ಮೇಲೆ ಮೇಲಿನಿಂದ ನೀರು ಗಾರೆ ಸುರಿದು ತುಂಬಿಸುತ್ತೇವೆ ಅನ್ನುವವರಿದ್ದಾರೆ. ಅದು ಮೇಲಷ್ಟೇ ನಿಲ್ಲುತ್ತದೆ, ಕೆಳಗೆ ಪೊಳ್ಳು ಉಳಿಯುತ್ತದೆ.

ಮಳೆಗಾಲದಲ್ಲಿ ಕಟ್ಟಬಹುದಾ?

ಬೇಸಿಗೆಯಲ್ಲಿ ಇಟ್ಟಿಗೆಯನ್ನು ನೀರಲ್ಲಿ ಮುಳುಗಿಸಿ ಗುಳ್ಳೆ ನಿಲ್ಲುವ ತನಕ ಬಿಟ್ಟು, ಮೇಲ್ಮೈ ಆರಿದ ಮೇಲೆ ಬಳಸುತ್ತೇವೆ. ಮಳೆಗಾಲದಲ್ಲಿ ತೊಂದರೆ ಉಲ್ಟಾ. ಅಂಗಳದಲ್ಲಿ ನೆನೆದ ಇಟ್ಟಿಗೆ ಆಗಲೇ ನೀರು ಕುಡಿದು ತುಂಬಿರುತ್ತದೆ. ಅದು ಗಾರೆಯ ನೀರನ್ನು ಎಳೆದುಕೊಳ್ಳುವುದಿಲ್ಲ. ಓರೆಯಲ್ಲಿ ನಿಂತ ಇಟ್ಟಿಗೆ ಮೆಲ್ಲಗೆ ಜಾರಿ ಕೆಳಗಿನ ಸಂದನ್ನು ಒತ್ತಿಬಿಡುತ್ತದೆ. ಸಂಜೆ 8 ಮಿಲಿಮೀಟರ್ ಇದ್ದ ಸಂದು ಬೆಳಿಗ್ಗೆ 5 ಆಗಿರುವುದನ್ನು ನೋಡಿದ್ದೇನೆ. ಕಮಾನಿನ ಇಟ್ಟಿಗೆಯನ್ನು ಒಂದು ವಾರ ಮೊದಲೇ ಸೂರಿನ ಕೆಳಗೆ ಪೇರಿಸಿಡಿ. ಕಟ್ಟಿದ ಮೇಲೆ ಟಾರ್ಪಾಲ್ ಮುಚ್ಚಿ.

ಒಂದು ಸುತ್ತನ್ನು ಶುರು ಮಾಡಿದರೆ ಅದೇ ದಿನ ಮುಗಿಸಿ. ಎರಡೂ ಕಡೆಯಿಂದ ಒಂದೊಂದೇ ಇಟ್ಟಿಗೆ ಏರಿಸಿ. ಒಂದು ಕಡೆ ಐದು, ಇನ್ನೊಂದು ಕಡೆ ಎರಡು ಅಂತಾದರೆ ಅಚ್ಚು ಒಂದು ಪಕ್ಕಕ್ಕೆ ವಾಲುತ್ತದೆ.

ಅಚ್ಚು ಯಾವಾಗ ಬಿಚ್ಚಬೇಕು? ಸರಿಯಾಗಿದೆಯಾ ಅಂತ ಗೊತ್ತಾಗುವುದು ಹೇಗೆ?

ಬೇಸಿಗೆಯಲ್ಲಿ 7 ದಿನ, ಮಳೆಗಾಲದಲ್ಲಿ 10ರಿಂದ 14 ದಿನ. ಕಮಾನಿನ ಎರಡೂ ಪಕ್ಕದ ಗೋಡೆ ಕಮಾನಿನ ನೆತ್ತಿಯ ಮಟ್ಟಕ್ಕೆ ಬಂದ ಮೇಲೆ ಮಾತ್ರ ಬಿಚ್ಚಿ.

ಬೆಣೆ ಸಡಿಲಿಸುವ ಮೊದಲು ಕಮಾನು ಹುಟ್ಟುವ ಎರಡು ಬಿಂದುವಿಗೆ ದಾರ ಕಟ್ಟಿ ನಡುವಿನ ಏರು ಅಳೆದು ಬರೆದಿಡಿ. ಅಚ್ಚಿನ ಹಲಗೆ ಅಡ್ಡ ಬಂದರೆ ಕಮಾನಿನ ಮುಖದ ಮೇಲೆ ಅಳೆಯಿರಿ. ಬಿಚ್ಚಿದ ಮೇಲೆ ಮತ್ತೆ ಅಳೆಯಿರಿ, ವಾರ ಬಿಟ್ಟು ಇನ್ನೊಮ್ಮೆ. ಬಿಚ್ಚಿದಾಗ ಚೂರು ಕೂತು ಅಲ್ಲೇ ನಿಂತರೆ ಸರಿ. ವಾರದ ನಂತರವೂ ಇಳಿಯುತ್ತಿದ್ದರೆ ಅಚ್ಚನ್ನು ವಾಪಸ್ ಏರಿಸಿ ಆಸರೆ ಕೊಟ್ಟು ಕಾರಣ ಹುಡುಕಬೇಕು.

ಬಿರುಕು ಎಲ್ಲಿದೆ ಅನ್ನುವುದೇ ಕಾರಣ ಹೇಳುತ್ತದೆ. ನಡುವಿನ ಇಟ್ಟಿಗೆಯ ಪಕ್ಕದ ಸಂದು ಕೆಳಗಡೆ ಬಾಯಿ ಬಿಟ್ಟಿದ್ದರೆ ಪಕ್ಕದ ಗೋಡೆ ಹೊರಕ್ಕೆ ಸರಿದಿದೆ ಅಂತ ಅರ್ಥ. ಎಲ್ಲ ಸಂದುಗಳಲ್ಲೂ ಮೇಲ್ಭಾಗದಲ್ಲಿ ಸಣ್ಣ ಗೆರೆ ಕಂಡರೆ ಅದು ದಪ್ಪ ಗಾರೆ ಒಣಗಿ ಕುಗ್ಗಿದ್ದು. ಒಂದೇ ಇಟ್ಟಿಗೆ ಕೆಳಗೆ ಇಣುಕಿದ್ದರೆ ಅದರ ಪಕ್ಕದ ಸಂದು ಪೊಳ್ಳು. ತಟ್ಟಿ ನೋಡಿ, ಸದ್ದಿನಲ್ಲೇ ಗೊತ್ತಾಗುತ್ತದೆ.

ಪಕ್ಕದ ಗೋಡೆ ಎಷ್ಟಿರಬೇಕು?

ಲಿಂಟೆಲ್ ಬರೀ ಕೆಳಕ್ಕೆ ಒತ್ತುತ್ತದೆ. ಕಮಾನು ಪಕ್ಕಕ್ಕೂ ತಳ್ಳುತ್ತದೆ. ನಮ್ಮ ಕಿಟಕಿಯ ಮೇಲೆ ತ್ರಿಕೋನದಷ್ಟು ಗೋಡೆಯ ಭಾರ ಮಾತ್ರ ಬರುತ್ತದೆ ಅಂದುಕೊಂಡರೂ ಒಂದೊಂದು ಪಕ್ಕಕ್ಕೆ ಸುಮಾರು 400 ಕೆಜಿಯಷ್ಟು ತಳ್ಳು ಇದೆ. ಏರನ್ನು 6ರಿಂದ 3 ಇಂಚಿಗೆ ಇಳಿಸಿದರೆ ಅದು ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. ಹಾಗಾಗಿ ತೀರಾ ಚಪ್ಪಟೆ ಕಮಾನು ಬೇಡ ಅನ್ನುತ್ತೇನೆ.

ಮನೆಯ ಮೂಲೆಯಿಂದ ಕಿಟಕಿಗೆ ಕನಿಷ್ಠ 2 ಅಡಿ ಗೋಡೆ ಇರಲಿ, 3 ಇದ್ದರೆ ಇನ್ನೂ ಒಳ್ಳೆಯದು. ಹೆಂಚಿನ ಮಾಡಿನ ಮನೆಯಲ್ಲಿ ತೊಲೆಯ ತುದಿ ಸರಿಯಾಗಿ ಕಮಾನಿನ ಮೇಲೆ ಬಂದು ಕೂರುವಂತಿದ್ದರೆ ಅಲ್ಲಿ ಈ ಲೆಕ್ಕ ಸಾಲದು. ಅಂಥ ಕಡೆ ಎಂಜಿನಿಯರಿಗೆ ತೋರಿಸಿ ಅಥವಾ ಲಿಂಟೆಲ್ ಹಾಕಿ.

ಪ್ಲಾಸ್ಟರಿಂಗ್ ಇಲ್ಲದೆ ಇಟ್ಟಿಗೆ ಕಾಣುವಂತೆ ಬಿಡಬಹುದಾ?

ಬಿಡಬಹುದು, ಆದರೆ ನಮ್ಮ ಮಳೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಬೆಣೆ ಸಂದಿನ ಅಗಲ ಭಾಗ ಇರುವುದು ಮೇಲೆ. ಗೋಡೆ ಮೇಲೆ ಇಳಿದು ಬರುವ ನೀರು ಮೊದಲು ಸಿಗುವುದೂ ಅಲ್ಲಿಗೇ. ಆಗುಂಬೆಯ ಕಡೆ ಗಾಳಿಯ ಜೊತೆ ಅಡ್ಡಡ್ಡ ಹೊಡೆಯುವ ಮಳೆಗೆ ಆ ಸಂದು ವರ್ಷವರ್ಷವೂ ಸವೆಯುತ್ತದೆ. ಮಾಡಿನ ಸೂರು ಕಿಟಕಿಯನ್ನು ಪೂರ್ತಿ ಮುಚ್ಚುವಷ್ಟು ಮುಂದೆ ಬಂದಿದ್ದರೆ ಧೈರ್ಯವಾಗಿ ಬಿಡಿ. ಚಿಕ್ಕಪ್ಪನ ಮನೆಗೆ 3 ಅಡಿ ಸೂರು ಇದೆ, ಹಾಗಾಗಿ ಅಲ್ಲಿ ಇಟ್ಟಿಗೆ ಕಾಣುವಂತೆಯೇ ಬಿಟ್ಟೆವು.

ಸಂದನ್ನು ಕಟ್ಟಿದ ದಿನವೇ ಅರ್ಧ ಇಂಚು ಆಳಕ್ಕೆ ಕೆರೆದು, ಆಮೇಲೆ ಪಾಯಿಂಟಿಂಗ್ ಮಾಡಿಸಿ. ಮೇಲಿನ ಅಗಲ ಭಾಗವನ್ನು ಎರಡು ಸಲ ಒತ್ತಿ ತುಂಬಿಸಬೇಕು. ಒಂದೇ ಸಲ ತುಂಬಿದರೆ ಅಂಚಿನಲ್ಲಿ ಬಿಡುತ್ತದೆ. ಸೂರು ಚಿಕ್ಕದಾಗಿದ್ದು ಮಳೆ ನೇರ ಗೋಡೆಗೆ ಹೊಡೆಯುವ ಕಡೆ ಕಮಾನಿನ ಮೇಲೆ ಸಣ್ಣದೊಂದು ಸಜ್ಜಾ ಹಾಕಿಸಿ. ಅದರ ಕೆಳಗಂಚಿನಲ್ಲಿ ನೀರು ತೊಟ್ಟಿಕ್ಕಲು ಒಂದು ಗೀರು ಬಿಡಲು ಹೇಳಿ. ಇಲ್ಲದಿದ್ದರೆ ನೀರು ಸಜ್ಜಾದ ಅಡಿಯಲ್ಲೇ ಹರಿದು ವಾಪಸ್ ಕಮಾನಿನ ಸಂದಿಗೇ ಬರುತ್ತದೆ.